ಬರಲಾಗದು ಎನ್ನುವಾಗ ಕೊಡುವ ಇನ್ನೊಂದು ಹೆಸರು

ವಿಚಾರ ಸಂಕಿರಣದ ಆಹ್ವಾನವನ್ನು ಒಪ್ಪಿಕೊಳ್ಳಲಾಗದಾಗ ತಮ್ಮ ಬದಲು ಇನ್ನೊಬ್ಬರ ಹೆಸರು ಸೂಚಿಸುವುದು ವಿದ್ವತ್ ವಲಯದಲ್ಲಿ ರೂಢಿಯಲ್ಲಿದೆ. ಹೆಸರು ಹೇಳುವುದು ಸುಲಭ. ಸಂಘಟಕರು ಆ ಹೆಸರನ್ನು ನಿಜಕ್ಕೂ ಬಳಸಿಕೊಳ್ಳುವಂತೆ ಹೇಳಲು ಮಾತ್ರ ಒಂದಿಷ್ಟು ಶ್ರಮ ಬೇಕು.

ಮೊದಲ ವಿಷಯ ಸಮಯ. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಬಂದ ನಿರಾಕರಣೆಯಿಂದ ಸಂಘಟಕರಿಗೆ ನಷ್ಟವಿಲ್ಲ. ಆಮೇಲೆ ಬಂದರೆ ಇಡೀ ಗೋಷ್ಠಿ ಅಲುಗಾಡುತ್ತದೆ. ರೈಲಿನ ಮುಂಗಡ ಟಿಕೆಟ್ ಪ್ರಯಾಣಕ್ಕೆ 60 ದಿನ ಮೊದಲೇ ಸಿಗತೊಡಗುತ್ತದೆ, ಆದ್ದರಿಂದ ದೂರದವರನ್ನು ಕರೆಯಬೇಕಾದರೆ ಒಂದೊಂದು ವಾರವೂ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಅಡ್ಡಬರುವುದು ದಾಕ್ಷಿಣ್ಯ. ‘ನೋಡೋಣ’, ‘ಪ್ರಯತ್ನ ಮಾಡ್ತೀನಿ’ ಎಂಬ ಮಾತುಗಳನ್ನು ಹೇಳಿದವರು ಇಲ್ಲವೆಂದೇ ಭಾವಿಸಿರುತ್ತಾರೆ. ಕೇಳಿದವರು ಹೌದೆಂದು ಬರೆದುಕೊಂಡಿರುತ್ತಾರೆ. ಮೂರು ವಾರದ ನಂತರ ಬಯಲಾಗುವ ಈ ತಪ್ಪು ತಿಳಿವಳಿಕೆಗಿಂತ ಎರಡೇ ದಿನದಲ್ಲಿ ಹೇಳಿದ ‘ಬರಲಾಗುವುದಿಲ್ಲ’ ಎಂಬ ಮಾತು ಎಷ್ಟೋ ಮೇಲು.

ಎರಡನೆಯದು, ಕರೆ ಬಂದಿರುವುದು ಯಾವ ಸ್ಥಾನಕ್ಕೆ ಎಂಬುದು. ಉದ್ಘಾಟನೆಗೆ ಕರೆಯುವವರು ಬಹುಮಟ್ಟಿಗೆ ಹೆಸರನ್ನೂ ಹುದ್ದೆಯನ್ನೂ ಬಯಸುತ್ತಾರೆ, ಆಶಯ ಭಾಷಣಕ್ಕೆ ವಿಷಯವನ್ನು ಇಡಿಯಾಗಿ ನೋಡಬಲ್ಲವರನ್ನು, ಗೋಷ್ಠಿಗೆ ಅದರ ಒಂದು ಭಾಗವನ್ನು ಆಳವಾಗಿ ಬಲ್ಲವರನ್ನು. ಉದ್ಘಾಟನೆಯ ಆಹ್ವಾನಕ್ಕೆ ಯುವ ಸಂಶೋಧಕರ ಹೆಸರು ಕೊಟ್ಟರೆ ಸಂಘಟಕರು ಧನ್ಯವಾದ ಹೇಳಿ ಸುಮ್ಮನಾಗುತ್ತಾರೆ. ಅದೇ ಹೆಸರನ್ನು ಗೋಷ್ಠಿಗೆಂದು ಕೊಟ್ಟರೆ ಕೆಲಸಕ್ಕೆ ಬರುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಕಾಲೇಜೊಂದರ ಇತಿಹಾಸ ವಿಭಾಗ ಕೆರೆಗಳ ಬಗ್ಗೆ ಎರಡು ದಿನಗಳ ಸಂಕಿರಣ ಏರ್ಪಡಿಸಿ, ‘ಶಾಸನಗಳಲ್ಲಿ ಕೆರೆ’ ಎಂಬ ಗೋಷ್ಠಿಗೆ ಹಿರಿಯ ಶಾಸನತಜ್ಞರೊಬ್ಬರನ್ನು ಕರೆದಿದೆ ಎಂದುಕೊಳ್ಳೋಣ. ಅದೇ ದಿನ ಅವರಿಗೆ ಬೇರೆ ಊರಿನಲ್ಲಿ ಪಿಎಚ್‌.ಡಿ. ಮೌಖಿಕ ಪರೀಕ್ಷೆಯಿದೆ. ಅವರಿಗೆ ನೆನಪಾಗುವುದು ಬಿತ್ತುವಟ್ಟ, ಅಂದರೆ ಕೆರೆಗಾಗಿ ಬಿಡುತ್ತಿದ್ದ ದತ್ತಿಯ ಬಗ್ಗೆ ಕೆಲಸ ಮಾಡಿರುವ ಒಬ್ಬ ಅಧ್ಯಾಪಕಿ. ಸಂಘಟಕರಿಗೆ ಬರೆಯುವ ಮೊದಲು ಅವರು ಆ ಅಧ್ಯಾಪಕಿಗೆ ಫೋನ್ ಮಾಡಿ, ‘ನಿಮ್ಮ ಹೆಸರು ಸೂಚಿಸಬಹುದಾ ಮೇಡಂ? ಆ ದಿನ ಬಿಡುವಿದೆಯಾ? ಕರೆಯುವುದು, ಬಿಡುವುದು ಅವರಿಗೆ ಬಿಟ್ಟಿದ್ದು’ ಎಂದು ಕೇಳುತ್ತಾರೆ. ಕೊನೆಯ ವಾಕ್ಯ ತುಂಬ ಮುಖ್ಯ. ಅದಿಲ್ಲದಿದ್ದರೆ ಆಕೆ ಭಾಷಣ ಸಿದ್ಧಮಾಡಿಕೊಂಡು ಬಾರದ ಕರೆಗಾಗಿ ಕಾಯಬೇಕಾಗುತ್ತದೆ. ಫೋನ್ ನಂಬರನ್ನು ಸಂಘಟಕರಿಗೆ ಕೊಡಬೇಕಾದದ್ದೂ ಆಕೆ ಒಪ್ಪಿದ ಮೇಲೆಯೇ.

ಆಮೇಲಿನ ಪತ್ರ ನಾಲ್ಕೈದು ಸಾಲು ಮೀರಬೇಕಿಲ್ಲ: ‘ಆಹ್ವಾನಕ್ಕೆ ಕೃತಜ್ಞ. ಆ ದಿನ ಬೇರೆ ಕಡೆ ಮೌಖಿಕ ಪರೀಕ್ಷೆ ಒಪ್ಪಿಕೊಂಡಿರುವುದರಿಂದ ಬರಲಾಗುವುದಿಲ್ಲ. ಈ ವಿಷಯಕ್ಕೆ ಇಂಥವರನ್ನು ಕೇಳಬಹುದು. ಬಿತ್ತುವಟ್ಟದ ಬಗ್ಗೆ ಅವರ ಲೇಖನ ನಿಮ್ಮ ಗೋಷ್ಠಿಗೆ ನೇರವಾಗಿ ಸಂಬಂಧಿಸಿದ್ದು. ಅವರ ಉಪನ್ಯಾಸವನ್ನು ಕೇಳಿದ್ದೇನೆ, ವಿದ್ಯಾರ್ಥಿಗಳಿಗೂ ತಿಳಿಯುವಂತೆ ಮಾತಾಡುತ್ತಾರೆ. ಆ ದಿನ ಬಿಡುವಿದೆ ಎಂದಿದ್ದಾರೆ.’ ‘ತುಂಬಾ ಒಳ್ಳೆಯ ವಿದ್ವಾಂಸರು’ ಎಂಬಷ್ಟೇ ಹೊಗಳಿಕೆಯಿಂದ ಸಂಘಟಕರಿಗೆ ಏನೂ ತಿಳಿಯುವುದಿಲ್ಲ. ಸಂಘಟನಾ ಸಮಿತಿಯಲ್ಲಿ ಆ ಹೆಸರನ್ನು ಸಮರ್ಥಿಸಲು ಅವರಿಗೆ ಬೇಕಾಗುವುದು ಒಂದು ಕೃತಿ, ಒಂದು ಕಾರಣ.

ಸೂಚಿಸಿದವರು ತಮ್ಮ ಶಿಷ್ಯರೋ ಸಹಲೇಖಕರೋ ಆಗಿದ್ದರೆ ಅದನ್ನು ಪತ್ರದಲ್ಲೇ ಹೇಳುವುದು ಒಳ್ಳೆಯದು. ಬಚ್ಚಿಟ್ಟ ಸಂಬಂಧ ನಂತರ ತಿಳಿದರೆ ಯೋಗ್ಯರ ಹೆಸರಿಗೂ ಶಿಫಾರಸಿನ ಬಣ್ಣ ಬರುತ್ತದೆ. ನಿಜವಾಗಿ ವಿಷಯ ಬಲ್ಲವರು ಯಾರೂ ನೆನಪಾಗದಿದ್ದರೆ ಬರೀ ಹೆಸರು ತುಂಬಿಸುವ ಬದಲು ನಿರಾಕರಣೆಯನ್ನಷ್ಟೇ ಕಳಿಸಬೇಕು.

ಯಾರ ಹೆಸರು ನೆನಪಾಗುತ್ತದೆ ಎಂಬುದೂ ಯೋಚಿಸಬೇಕಾದ ಸಂಗತಿ. ಅಮೆರಿಕದ 50 ಪ್ರಮುಖ ವಿಶ್ವವಿದ್ಯಾಲಯಗಳ ಉಪನ್ಯಾಸಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಹಿಳೆಯರಿಗಿಂತ ಪುರುಷರೇ ಹೆಚ್ಚಾಗಿ ಭಾಷಣಕಾರರಾಗಿದ್ದುದು ಕಂಡುಬಂತು. ಆದರೆ ಮಹಿಳೆಯರು ಆಹ್ವಾನವನ್ನು ಹೆಚ್ಚಾಗಿ ನಿರಾಕರಿಸುತ್ತಾರೆಂಬುದಕ್ಕೆ ಆಧಾರ ಸಿಗಲಿಲ್ಲ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನಿರ್ದೇಶಕರಾಗಿದ್ದ ಫ್ರಾನ್ಸಿಸ್ ಕಾಲಿನ್ಸ್, ಎಲ್ಲರನ್ನೂ ಒಳಗೊಳ್ಳುವ ಕಾಳಜಿ ಕಾಣದ ಸಭೆಗಳಲ್ಲಿ ತಾವು ಮಾತನಾಡುವುದಿಲ್ಲವೆಂದು ಪ್ರಕಟಿಸಿದರು. ನಿರಾಕರಣೆಗೆ ಇಂಥ ಕಾರಣವಿದ್ದಾಗ ಹೆಸರುಗಳನ್ನೂ ಕೊಡುವುದು ಅನಿವಾರ್ಯವೇ ಸರಿ. ‘ಯೋಗ್ಯರಾದ ಮಹಿಳೆಯರು ಸಿಗಲಿಲ್ಲ’ ಎಂಬ ಉತ್ತರಕ್ಕೆ ಆಗ ಜಾಗ ಉಳಿಯುವುದಿಲ್ಲ.

ಪತ್ರ ಹೋದ ಬಳಿಕ ಸಂಘಟಕರು ‘ಕೊನೇಪಕ್ಷ ಸಮಾರೋಪಕ್ಕಾದರೂ ಬನ್ನಿ ಸಾರ್’ ಎಂದು ಮತ್ತೆ ಕೇಳುವುದುಂಟು. ಅದಕ್ಕೆ ಒಪ್ಪಿದರೆ ಸೂಚಿಸಿದ ಹೆಸರು ಅಲ್ಲಿಗೇ ಬಿದ್ದುಹೋಗಬಹುದು, ಆದ್ದರಿಂದ ಮೊದಲ ಉತ್ತರವನ್ನೇ ಉಳಿಸಿಕೊಳ್ಳಬೇಕು. ಸಂಘಟಕರು ಅಧ್ಯಾಪಕಿಯನ್ನು ಸಂಪರ್ಕಿಸಿದ ಮೇಲೆ ಪ್ರಯಾಣ, ಗೌರವಧನ, ಭಾಷಣದ ಅವಧಿ ಎಲ್ಲವೂ ಅವರಿಬ್ಬರ ನಡುವಿನ ಮಾತು. ಅವರಿಗೆ ಬರುವ ಆಹ್ವಾನದಲ್ಲಿ ‘ಇಂಥವರು ಬರಲಾಗದ್ದರಿಂದ’ ಎಂಬ ಸಾಲು ಇರಬೇಕಾಗಿಲ್ಲ.