ಹಿರಿಯ ಶಿಕ್ಷಕರಿಗೆ ಮೊಬೈಲ್ ಹಾಳೆ: ನಾಲ್ಕು ವಾರದ ಪಾಠ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಹಲವು ಮಾಹಿತಿಗಳು ಈಗ ವಾಟ್ಸ್‌ಆ್ಯಪ್ ಗುಂಪಿಗೆ ಬರುವ ಒಂದು ಲಿಂಕ್‌ನಿಂದಲೇ ಸಂಗ್ರಹವಾಗುತ್ತವೆ. ಲಿಂಕ್ ಒತ್ತಿದರೆ ಗೂಗಲ್ ಶೀಟ್ ತೆರೆಯುತ್ತದೆ. ಕ್ಲಸ್ಟರಿನ ಎಲ್ಲ ಶಾಲೆಗಳೂ ಅದೇ ಹಾಳೆಯಲ್ಲಿ ತಂತಮ್ಮ ಸಾಲು ತುಂಬಬೇಕು. ನಿವೃತ್ತಿಯ ಹತ್ತಿರವಿರುವ ಶಿಕ್ಷಕರಲ್ಲಿ ಅನೇಕರು ಈ ಕೆಲಸವನ್ನು ಕಿರಿಯ ಸಹೋದ್ಯೋಗಿಗೆ ಒಪ್ಪಿಸಿಬಿಡುತ್ತಾರೆ. ಬೇರೆ ಶಾಲೆಯ ಲೆಕ್ಕವನ್ನು ತಾವು ಅಳಿಸಿಬಿಟ್ಟರೆ ಏನು ಗತಿ ಎಂಬ ಭಯವೇ ಇದಕ್ಕೆ ದೊಡ್ಡ ಕಾರಣ. ಆದ್ದರಿಂದ ತರಬೇತಿಯಲ್ಲಿ ತುಂಬುವುದಕ್ಕಿಂತ ಮೊದಲು, ತಪ್ಪನ್ನು ಹಿಂದಕ್ಕೆ ಪಡೆಯುವುದನ್ನು ಕಲಿಸಬೇಕು.

ಹನ್ನೆರಡು ಶಿಕ್ಷಕರ ಗುಂಪಿಗೆ ವಾರಕ್ಕೊಮ್ಮೆ ಒಂದೂವರೆ ಗಂಟೆಯಂತೆ ನಾಲ್ಕು ವಾರ ಸಾಕು. ಪ್ರತಿಯೊಬ್ಬರೂ ತಮ್ಮ ಸ್ವಂತ ಫೋನಿನಲ್ಲೇ ಕಲಿಯಬೇಕು. ತರಬೇತುದಾರರು ಯಾರ ಫೋನನ್ನೂ ಕೈಗೆ ತೆಗೆದುಕೊಳ್ಳಬಾರದು. ಅವರು ಒತ್ತಿ ತೋರಿಸಿದರೆ ಆ ಹೊತ್ತಿನ ಕೆಲಸ ಮುಗಿಯುತ್ತದೆ, ಆದರೆ ಕಲಿಯುವವರ ಬೆರಳಿಗೆ ದಾರಿ ತಿಳಿಯುವುದಿಲ್ಲ.

ಮೊದಲ ವಾರ ಫೋನನ್ನು ಸಿದ್ಧಗೊಳಿಸುವುದು. ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿ, ಗೂಗಲ್ ಶೀಟ್ಸ್ ಆ್ಯಪ್ ಹಾಕಿಕೊಳ್ಳಬೇಕು. ಆಮೇಲೆ ಫೋನಿನಲ್ಲಿರುವ ಜಿಮೇಲ್ ವಿಳಾಸ ಯಾವುದೆಂದು ಪ್ರತಿಯೊಬ್ಬರೂ ನೋಡಿ ಬರೆದಿಟ್ಟುಕೊಳ್ಳಬೇಕು. ಎಷ್ಟೋ ಫೋನುಗಳಲ್ಲಿ ಆ ಖಾತೆಯನ್ನು ಮಗನೋ ಮಗಳೋ ತೆರೆದುಕೊಟ್ಟಿರುತ್ತಾರೆ. ಹಾಳೆ ಒಂದು ವಿಳಾಸಕ್ಕೆ ಹಂಚಿಕೆಯಾಗಿದ್ದು, ಫೋನಿನಲ್ಲಿ ಇನ್ನೊಂದು ವಿಳಾಸವಿದ್ದರೆ You need access ಎಂಬ ಪರದೆ ಬರುತ್ತದೆ. ಫೋನ್ ಕೆಟ್ಟಿತೆಂದು ಗಾಬರಿಯಾಗುವವರಿಗೆ ಇದು ವಿಳಾಸದ ಗೊಂದಲ ಮಾತ್ರ ಎಂದು ಆಗಲೇ ತೋರಿಸಿಕೊಡಬೇಕು.

ಎರಡನೆಯ ವಾರ ಕೆಡಿಸಿ ಸರಿಪಡಿಸುವ ಅಭ್ಯಾಸ. ಇದಕ್ಕಾಗಿ ಊರುಗಳ ಹೆಸರು ತುಂಬಿದ ಒಂದು ಅಭ್ಯಾಸದ ಹಾಳೆ ಬೇಕು. ಶಿಕ್ಷಕರು ಒಂದು ಮನೆಯನ್ನು ಮುಟ್ಟಿ, ಇರುವ ಹೆಸರಿನ ಮೇಲೆ ಬೇರೇನನ್ನೋ ಬರೆದು, ಸರಿ ಗುರುತನ್ನು ಒತ್ತುತ್ತಾರೆ. ಹಳೆಯ ಹೆಸರು ಮಾಯವಾಗುತ್ತದೆ. ಮೇಲಿರುವ ಹಿಂದಕ್ಕೆ ಬಾಗಿದ ಬಾಣವನ್ನು ಒತ್ತಿದರೆ ಅದು ಮರಳಿ ಬರುತ್ತದೆ. ಪ್ರತಿಯೊಬ್ಬರೂ ಇದನ್ನು ಹತ್ತು ಸಲವಾದರೂ ಮಾಡಬೇಕು. ಈ ಬಾಣಕ್ಕೂ ಮಿತಿಯಿದೆ. ಅದು ತಾವು ಮಾಡಿದ ಬದಲಾವಣೆಯನ್ನು ಮಾತ್ರ ಹಿಂದೆಗೆಯುತ್ತದೆ, ಬೇರೆಯವರದ್ದನ್ನಲ್ಲ. ಹಾಳೆಯನ್ನು ಮುಚ್ಚಿ ಮತ್ತೆ ತೆರೆದ ಮೇಲೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಆಗ ಕಂಪ್ಯೂಟರಿನಲ್ಲಿ ಹಾಳೆ ತೆರೆದು File ಪಟ್ಟಿಯ Version history ನೋಡಬೇಕು. ಯಾವ ಹೊತ್ತಿನಲ್ಲಿ ಹಾಳೆ ಹೇಗಿತ್ತೆಂಬುದು ಅಲ್ಲಿ ಉಳಿದಿರುತ್ತದೆ.

ಮೂರನೆಯ ವಾರ ನಿಜವಾದ ಲೆಕ್ಕ ತುಂಬುವುದು. ಮೂರು ಶಾಲೆಗಳ ಹಾಜರಿಯ ಉದಾಹರಣೆ ತೆಗೆದುಕೊಳ್ಳಬಹುದು. ಮೊದಲ ಶಾಲೆಯವರು 31 ಎಂದೂ ಎರಡನೆಯವರು ‘28 ಮಕ್ಕಳು’ ಎಂದೂ ಮೂರನೆಯವರು 42 ಎಂದೂ ಬರೆಯುತ್ತಾರೆ. ಮೊತ್ತ 101 ಬರಬೇಕು, ಹಾಳೆ 73 ತೋರಿಸುತ್ತದೆ. ‘ಮಕ್ಕಳು’ ಎಂಬ ಮಾತು ಸೇರಿದ್ದರಿಂದ ಆ ಮನೆಯನ್ನು ಹಾಳೆ ಬರಹವೆಂದು ಎಣಿಸಿ, ಕೂಡುವಾಗ ಬಿಟ್ಟುಬಿಟ್ಟಿದೆ. ಇದನ್ನು ಪತ್ತೆಹಚ್ಚುವುದು ಸುಲಭ. ಸಾಮಾನ್ಯವಾಗಿ ಸಂಖ್ಯೆ ಮನೆಯ ಬಲಕ್ಕೆ ಒತ್ತಿಕೊಂಡಿರುತ್ತದೆ, ಬರಹ ಎಡಕ್ಕೆ. ಎಡಕ್ಕೆ ಸರಿದ ಅಂಕಿ ಕಂಡರೆ ಆ ಮನೆಯನ್ನು ಎರಡು ಸಲ ಮುಟ್ಟಿ, ಮಾತನ್ನು ಅಳಿಸಿ, 28 ಮಾತ್ರ ಉಳಿಸಬೇಕು. ಮೊತ್ತ ತಾನಾಗಿಯೇ ಸರಿಹೋಗುತ್ತದೆ. ಮಕ್ಕಳು, ಬಾಲಕರು, ದಿನಗಳು ಎಂಬ ಮಾತುಗಳೆಲ್ಲ ಮೇಲಿನ ತಲೆಬರಹದ ಸಾಲಿನಲ್ಲಿ ಇದ್ದರೆ ಸಾಕು.

ನಾಲ್ಕನೆಯ ವಾರ ಹಂಚುವ ಪಾಠ. Viewer ಆದವರು ನೋಡಬಹುದು, Editor ಆದವರು ತಿದ್ದಬಹುದು. Anyone with the link ಎಂದು ಬಿಟ್ಟರೆ ಲಿಂಕ್ ಸಿಕ್ಕ ಯಾರಿಗೂ ಹಾಳೆ ತೆರೆಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಗುಂಪಿನಿಂದ ಗುಂಪಿಗೆ ಹೋಗಲು ಹೊತ್ತು ಬೇಡ. ಮಕ್ಕಳ ಹೆಸರು, ಪೋಷಕರ ಫೋನ್ ನಂಬರು, ಆಧಾರ್ ಸಂಖ್ಯೆ ಇರುವ ಹಾಳೆಯನ್ನು Restricted ಎಂದೇ ಇಟ್ಟು, ಬೇಕಾದವರ ಜಿಮೇಲ್ ವಿಳಾಸವನ್ನಷ್ಟೇ ಸೇರಿಸಬೇಕು. ಮೊದಲ ವಾರ ಬರೆದಿಟ್ಟುಕೊಂಡ ವಿಳಾಸಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ.

ಕಲಿತದ್ದು ಉಳಿದಿದೆಯೇ ಎಂದು ತಿಳಿಯಲು ತಿಂಗಳ ಬಳಿಕ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಹೊಸದೊಂದು ಹಾಳೆಯ ಲಿಂಕ್ ಕಳಿಸಬೇಕು. ಶಿಕ್ಷಕರು ಯಾರ ನೆರವೂ ಇಲ್ಲದೆ ಅದನ್ನು ತೆರೆದು, ತಮ್ಮ ಸಾಲು ತುಂಬಿ, ಬೇಕೆಂದೇ ಒಂದು ತಪ್ಪು ಮಾಡಿ, ಅದನ್ನು ಹಿಂದೆಗೆದು ತೋರಿಸಬೇಕು. ಎಡವಿದವರಿಗೆ ಎಡವಿದ ವಾರದ ಪಾಠವನ್ನಷ್ಟೇ ಮತ್ತೆ ಮಾಡಿದರೆ ಸಾಕು.