ರಸಪ್ರಶ್ನೆಯಲ್ಲಿ ತಂಡ ಗೆದ್ದರೆ ಎಲ್ಲ ಮಕ್ಕಳೂ ಕಲಿತಂತೆಯೇ?

‘ಮಕ್ಕಳನ್ನು ತಂಡ ಮಾಡಿ ಸ್ಪರ್ಧೆ ಇಡಿ, ನಾಚಿಕೆಯ ಮಗುವೂ ತಾನಾಗಿ ಬಾಯಿ ಬಿಡುತ್ತದೆ.’ ಶಾಲೆಯ ವಾಟ್ಸಾಪ್ ಗುಂಪುಗಳಲ್ಲಿ ಈ ಮಾತು ಆಗಾಗ ಬರುತ್ತದೆ. ಇದು ನಿಜವೇ?

ಅರ್ಧ ಮಾತ್ರ ನಿಜ. ‘ಮೊದಲು ಕೈ ಎತ್ತಿದವರಿಗೆ ಅವಕಾಶ’ ಎನ್ನುವ ರಸಪ್ರಶ್ನೆಯನ್ನು ನೆನಪಿಸಿಕೊಳ್ಳಿ. ಉತ್ತರ ಗೊತ್ತಿರುವವರಿಗಿಂತ ಬೇಗ ಕೈ ಎತ್ತುವವರಿಗೇ ಅಲ್ಲಿ ಲಾಭ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಎಷ್ಟೋ ಮನೆಗಳಲ್ಲಿ ತೆಲುಗು ಅಥವಾ ಉರ್ದು ಮಾತಾಡುತ್ತಾರೆ. ಆ ಮಗು ಕನ್ನಡದ ಪ್ರಶ್ನೆಯನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳುವಷ್ಟರಲ್ಲಿ ಬೇರೆಯವರು ಉತ್ತರ ಹೇಳಿಯಾಗಿರುತ್ತದೆ. ತಂಡ ಗೆದ್ದರೂ ಆ ಮಗು ಆಡಿರುವುದಿಲ್ಲ. ಸೋತರೆ ಮಾತ್ರ ‘ನಿನ್ನಿಂದಲೇ ಸೋತಿದ್ದು’ ಎಂಬ ಮಾತು ಕೇಳಬೇಕಾಗುತ್ತದೆ.

ಹಾಗಾದರೆ ಸ್ಪರ್ಧೆಯೇ ಬೇಡವೇ?

ಬೇಕು, ಆದರೆ ನಿಯಮ ಬದಲಾಗಬೇಕು. 1970ರ ದಶಕದ ಆರಂಭದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಡೇವಿಡ್ ಡಿವ್ರೀಸ್ ಮತ್ತು ಕೀತ್ ಎಡ್ವರ್ಡ್ಸ್ ‘ಟೀಮ್ಸ್ ಗೇಮ್ಸ್ ಟೂರ್ನಮೆಂಟ್’ ಎಂಬ ವಿಧಾನ ರೂಪಿಸಿದರು. ಇದರ ಗುಟ್ಟು ಸರಳ: ಕಲಿಯುವುದು ಎಲ್ಲ ಮಟ್ಟದವರೂ ಇರುವ ತಂಡದಲ್ಲಿ, ಸ್ಪರ್ಧಿಸುವುದು ತನ್ನ ಮಟ್ಟದವರ ಜೊತೆಯಲ್ಲಿ.

24 ಮಕ್ಕಳಿದ್ದರೆ ಹೀಗೆ ಮಾಡಿ

ಸಿರುಗುಪ್ಪದ ಒಂದು ತರಗತಿಯಲ್ಲಿ 24 ಮಕ್ಕಳಿದ್ದಾರೆ ಎಂದುಕೊಳ್ಳೋಣ. ಹಿಂದಿನ ಪರೀಕ್ಷೆಯ ಅಂಕದ ಪ್ರಕಾರ ಶಿಕ್ಷಕರು ತಮ್ಮ ಪುಸ್ತಕದಲ್ಲಷ್ಟೇ ಪಟ್ಟಿ ಬರೆದುಕೊಳ್ಳಲಿ. ಮೊದಲ ಆರು ಮಕ್ಕಳನ್ನು ಆರು ತಂಡಗಳಿಗೆ ಒಬ್ಬೊಬ್ಬರಂತೆ ಹಾಕಿ. ಮುಂದಿನ ಆರು ಮಕ್ಕಳನ್ನು ಕೊನೆಯ ತಂಡದಿಂದ ಹಿಂದಕ್ಕೆ ಹಂಚಿ. ಹೀಗೇ ಮುಂದುವರಿದರೆ ನಾಲ್ಕು ಮಕ್ಕಳ ಆರು ತಂಡಗಳಾಗುತ್ತವೆ. ತಂಡದವರು ಒಟ್ಟಿಗೆ ಪಾಠ ಓದಿ, ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಕೇಳಿ ಅಭ್ಯಾಸ ಮಾಡುತ್ತಾರೆ.

ಆಟದ ದಿನ ತಂಡಗಳು ಒಡೆಯುತ್ತವೆ. ಅದೇ ಪಟ್ಟಿಯ ಮೊದಲ ಮೂವರು ಒಂದು ಗುಂಪು, ನಂತರದ ಮೂವರು ಇನ್ನೊಂದು, ಹೀಗೆ ಎಂಟು ಗುಂಪುಗಳು. ಮೇಜು ಬೇಡ, ನೆಲದ ಮೇಲೆ ಕೂತರೆ ಸಾಕು. ಪ್ರತಿ ಗುಂಪಿಗೂ 20 ಪ್ರಶ್ನೆಗಳ ಹಾಳೆ, ಉತ್ತರದ ಹಾಳೆ ಮತ್ತು 1ರಿಂದ 20ರವರೆಗಿನ ಚೀಟಿಗಳನ್ನು ಕೊಡಿ.

ಒಂದು ಮಗು ಚೀಟಿ ಎತ್ತಿ ಆ ಸಂಖ್ಯೆಯ ಪ್ರಶ್ನೆ ಓದುತ್ತದೆ. ‘ಹಗರಿ ನದಿಯ ಇನ್ನೊಂದು ಹೆಸರೇನು?’ ಉತ್ತರ ವೇದಾವತಿ ಎಂದರೆ ಚೀಟಿ ಅದಕ್ಕೇ. ಒಪ್ಪದಿದ್ದರೆ ಪಕ್ಕದ ಮಗು, ನಂತರ ಮೂರನೆಯ ಮಗು ಬೇರೆ ಉತ್ತರ ಹೇಳಬಹುದು. ಆಮೇಲೆ ಉತ್ತರದ ಹಾಳೆ ನೋಡುವುದು. ಓದಿದ ಮಗು ತಪ್ಪು ಹೇಳಿದರೆ ದಂಡವಿಲ್ಲ. ಸವಾಲು ಹಾಕಿ ತಪ್ಪಿದವರು ಮಾತ್ರ ಗೆದ್ದ ಒಂದು ಚೀಟಿ ವಾಪಸ್ ಕೊಡಬೇಕು. ಮುಂದಿನ ಸರದಿ ಪಕ್ಕದವರದು. ಇಲ್ಲಿ ವೇಗಕ್ಕೆ ಬೆಲೆ ಇಲ್ಲ, ಇಡೀ ತರಗತಿಯ ಬದಲು ಇಬ್ಬರು ಮಾತ್ರ ಕೇಳುತ್ತಾರೆ, ಸರದಿ ಖಂಡಿತ ಬರುತ್ತದೆ. ಹೀಗಾಗಿ ನಾಚಿಕೆಯ ಮಗುವೂ ಬಾಯಿ ಬಿಡುವುದು ಸುಲಭ.

ಅಂಕ ಎಣಿಸುವುದು ಹೇಗೆ?

ಗುಂಪಿನಲ್ಲಿ ಹೆಚ್ಚು ಚೀಟಿ ಗೆದ್ದವರಿಗೆ 60, ನಂತರದವರಿಗೆ 40, ಕೊನೆಯವರಿಗೆ 20. ಇವು ಅವರವರ ತಂಡಕ್ಕೆ ಸೇರುತ್ತವೆ. ಒಂದು ತಂಡದ ಜಾಣ ವಿದ್ಯಾರ್ಥಿ ಮೊದಲ ಗುಂಪಿನಲ್ಲಿ 20 ತಂದು, ಹಿಂದುಳಿದ ಹುಡುಗಿ ಎಂಟನೆಯ ಗುಂಪಿನಲ್ಲಿ 60 ತಂದಳು, ಉಳಿದಿಬ್ಬರು 40 ತಂದರು ಎನ್ನಿ. ಒಟ್ಟು 160, ಸರಾಸರಿ 40. ಆ ದಿನ ತಂಡಕ್ಕೆ ಅತಿ ಹೆಚ್ಚು ಅಂಕ ತಂದದ್ದು ಆ ಹುಡುಗಿಯೇ. ಯಾರಾದರೂ ಗೈರಾದರೂ ಅನ್ಯಾಯವಾಗದಿರಲು ಒಟ್ಟು ಅಂಕದ ಬದಲು ಸರಾಸರಿ ನೋಡಿ.

ಮುಂದಿನ ಆಟಕ್ಕೆ ಗುಂಪಿನಲ್ಲಿ ಗೆದ್ದವರು ಒಂದು ಗುಂಪು ಮೇಲಕ್ಕೆ, ಕೊನೆಯವರು ಒಂದು ಗುಂಪು ಕೆಳಕ್ಕೆ. ಒಂದೇ ತಂಡದ ಇಬ್ಬರು ಎದುರಾದರೆ ಒಬ್ಬರನ್ನು ಪಕ್ಕದ ಗುಂಪಿನವರೊಂದಿಗೆ ಅದಲುಬದಲು ಮಾಡಿ.

ಎಲ್ಲಿ ಎಡವುತ್ತದೆ?

ಗುಂಪುಗಳಿಗೆ 1, 2, 3 ಎಂದು ಹೆಸರಿಟ್ಟರೆ ಎಂಟನೆಯದು ‘ದಡ್ಡರ ಗುಂಪು’ ಆಗಿಬಿಡುತ್ತದೆ. ತುಂಗಭದ್ರಾ, ಹಗರಿ, ಸಂಡೂರು ಎಂಬಂಥ ಹೆಸರು ಕೊಡಿ. ತಂಡಗಳನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಪ್ರಕಟಿಸಬೇಡಿ. ಸರಾಸರಿ 40 ಮುಟ್ಟಿದ ತಂಡಗಳಿಗೆಲ್ಲ ಚಪ್ಪಾಳೆ ಹಾಕಿಸಿ, ಉಳಿದವರ ಹೆಸರು ಓದಬೇಡಿ. ಒಂದೇ ತಂಡ ಸತತವಾಗಿ ಹಿಂದೆ ಬಿದ್ದರೆ, ಐದಾರು ವಾರಕ್ಕೊಮ್ಮೆ ತಂಡಗಳನ್ನೇ ಬದಲಿಸಿ.

ಕೆಳಗಿನ ಗುಂಪಿಗೆ ಇಳಿದ ಮೇಲೂ ಒಂದು ಮಗು ಮತ್ತೆ ಮತ್ತೆ 20 ತಂದರೆ, ಆಟದಿಂದ ಅದು ಸರಿಹೋಗುವುದಿಲ್ಲ. ಆ ಮಗುವಿಗೆ ಪ್ರಶ್ನೆ ಓದಲು ಬರುತ್ತದೆಯೇ ಎಂದು ಮೊದಲು ನೋಡಿ. ಓದುವುದೇ ಕಷ್ಟವಾದರೆ ಪ್ರಶ್ನೆಯನ್ನು ಪಕ್ಕದವರು ಓದಲಿ, ಉತ್ತರ ಮಾತ್ರ ಆ ಮಗುವೇ ಹೇಳಲಿ.

ಒಟ್ಟಿನಲ್ಲಿ, ಸ್ಪರ್ಧೆ ಇಟ್ಟ ಮಾತ್ರಕ್ಕೆ ನಾಚಿಕೆಯ ಮಗು ಮಾತಾಡುವುದಿಲ್ಲ. ಅದಕ್ಕೊಂದು ಸರದಿ, ಸಮಾನ ಎದುರಾಳಿ, ತಂಡಕ್ಕೆ ಲೆಕ್ಕವಾಗುವ ಅಂಕ ಈ ಮೂರೂ ಇರಬೇಕು. ಆ ಸಂದೇಶ ಮತ್ತೆ ಬಂದರೆ ಈ ನಿಯಮಗಳನ್ನೂ ಸೇರಿಸಿ ಕಳುಹಿಸಿ.