ಕಣವೊಂದು, ಕಣಜವೊಂದು

2014ರ ಅಕ್ಟೋಬರ್ 19ರ ರಾತ್ರಿ ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೊ ನಿಯಂತ್ರಣ ಕೇಂದ್ರಕ್ಕೆ ಒಂದು ವಿಚಿತ್ರ ಆತಂಕವಿತ್ತು. ಮಂಗಳಯಾನ ನೌಕೆ ಮಂಗಳನ ಸುತ್ತ ನೆಲೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಅಷ್ಟರಲ್ಲೇ ‘ಸೈಡಿಂಗ್ ಸ್ಪ್ರಿಂಗ್’ ಎಂಬ ಧೂಮಕೇತು ಆ ಗ್ರಹದಿಂದ ಬರೀ 1,40,000 ಕಿ.ಮೀ. ದೂರದಲ್ಲಿ ಹಾದುಹೋಗುವುದಿತ್ತು. ನಮಗೂ ಚಂದ್ರನಿಗೂ ಇರುವ ಅಂತರದ ಮೂರನೇ ಒಂದು ಭಾಗವಷ್ಟೇ ಅದು. ಧೂಮಕೇತುವಿನ ವೇಗ ಸೆಕೆಂಡಿಗೆ 56 ಕಿ.ಮೀ. ಆ ವೇಗದಲ್ಲಿ ಬರುವ ಒಂದು ಮರಳಿನ ಕಣ ತಗುಲಿದರೂ ನೌಕೆಗೆ ಅಪಾಯ. ಹಾಗಾಗಿ ದೂಳು ಬರುವ ಹೊತ್ತಿಗೆ ನೌಕೆ ಮಂಗಳನ ಮರೆಯಲ್ಲಿರುವಂತೆ ಇಸ್ರೊ ಅದರ ಕಕ್ಷೆಯನ್ನು ಮೊದಲೇ ಹೊಂದಿಸಿತ್ತು. ನಾಸಾದ ನೌಕೆಗಳೂ ಹಾಗೆಯೇ ಮರೆಗೆ ಸರಿದವು. ಯಾರಿಗೂ ಏನೂ ಆಗಲಿಲ್ಲ.

ಆ ಧೂಮಕೇತು ಸೂರ್ಯನ ಬಳಿಗೆ ಬಂದದ್ದು ಅದೇ ಮೊದಲ ಸಲ ಎಂದು ವಿಜ್ಞಾನಿಗಳು ಆಗ ಹೇಳಿದ್ದರು. ಅದನ್ನು ಕಂಡುಹಿಡಿದದ್ದೇ 2013ರ ಜನವರಿಯಲ್ಲಿ. ಎರಡು ವರ್ಷವೂ ತುಂಬದ ಪರಿಚಯದಲ್ಲಿ ಅದರ ಕೋಟ್ಯಂತರ ವರ್ಷಗಳ ಜಾತಕ ಹೇಳುವುದು ಹೇಗೆ?

ಅದಕ್ಕೆ ಮೊದಲು ಇನ್ನೊಂದು ಲೆಕ್ಕ ನೋಡಬೇಕು. ಧೂಮಕೇತು ಎಂದರೆ ಮಂಜುಗಡ್ಡೆ, ದೂಳು, ಕಲ್ಲು ಬೆರೆತ ಗುಡ್ಡ. ಬಿಸಿಲಿಗೆ ಬಂದಾಗಲೆಲ್ಲ ಅದರ ಮಂಜು ಆವಿಯಾಗಿ ದೂಳನ್ನೂ ಎಳೆದುಕೊಂಡು ಹೊರಡುತ್ತದೆ. ನಾವು ಮೆಚ್ಚಿ ನೋಡುವ ಬಾಲ ಅದರ ಮೈ ಸವೆಯುತ್ತಿರುವುದರ ಗುರುತು. ಸವೆತ ಎಷ್ಟು ಎಂಬುದನ್ನು ರೊಸೆಟ್ಟಾ ನೌಕೆ ಹತ್ತಿರದಿಂದಲೇ ಅಳೆಯಿತು. ‘67ಪಿ’ ಎಂಬ ಧೂಮಕೇತು ಆರೂವರೆ ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತದೆ. 2015ರ ಒಂದೇ ಸುತ್ತಿನಲ್ಲಿ ಅದು ಕಳೆದುಕೊಂಡದ್ದು ತನ್ನ ತೂಕದ ಸಾವಿರದಲ್ಲೊಂದು ಪಾಲು. ಇದೇ ದರದಲ್ಲಿ ಸವೆದರೆ ಸಾವಿರ ಸುತ್ತಿಗೆ, ಅಂದರೆ ಆರೇಳು ಸಾವಿರ ವರ್ಷಕ್ಕೆ, ಅದರ ಕತೆ ಮುಗಿಯುತ್ತದೆ. ಸೌರವ್ಯೂಹಕ್ಕೋ 450 ಕೋಟಿ ವರ್ಷ ವಯಸ್ಸು. ಸೂರ್ಯನ ಹತ್ತಿರ ಸುಳಿಯುತ್ತಿದ್ದ ಧೂಮಕೇತುಗಳೆಲ್ಲ ಎಂದೋ ಖಾಲಿಯಾಗಬೇಕಿತ್ತು. ಆದರೂ ಇವತ್ತಿಗೂ ವರ್ಷವರ್ಷ ಹೊಸವು ಬರುತ್ತಲೇ ಇವೆ. ಹಾಗಿದ್ದರೆ ಬಿಸಿಲು ತಾಕದ ಎಲ್ಲೋ ಒಂದು ಕಡೆ ದಾಸ್ತಾನು ಇರಲೇಬೇಕು.

ಆ ದಾಸ್ತಾನನ್ನು ಕಾಗದದ ಮೇಲೆ ಪತ್ತೆಮಾಡಿದವರು ನೆದರ್ಲೆಂಡ್ಸಿನ ಖಗೋಳವಿಜ್ಞಾನಿ ಯಾನ್ ಊರ್ಟ್. 1950ರಲ್ಲಿ ಅವರ ಕೈಯಲ್ಲಿದ್ದದ್ದು ಬರೀ ಹತ್ತೊಂಬತ್ತು ಧೂಮಕೇತುಗಳ ಕಕ್ಷೆಗಳು. ಕಂಡ ಧೂಮಕೇತುಗಳು ಬೇಕಾದಷ್ಟಿದ್ದವು. ಆದರೆ ಅವರಿಗೆ ಬೇಕಿದ್ದದ್ದು, ಗ್ರಹಗಳು ಎಳೆದು ಕೆಡಿಸುವ ಮೊದಲು ಆ ಕಕ್ಷೆ ಹೇಗಿತ್ತು ಎಂಬುದು. ಅದಕ್ಕಾಗಿ ಗುರು, ಶನಿ ಮುಂತಾದವು ಎಳೆದ ಎಳೆತವನ್ನೆಲ್ಲ ಹಿಂದುಹಿಂದಕ್ಕೆ ಕಳೆಯುತ್ತ ಹೋಗಬೇಕು. ಕೈಯಲ್ಲೇ ಲೆಕ್ಕ ಹಾಕುತ್ತಿದ್ದ ಕಾಲ ಅದು. ಅಷ್ಟು ಶ್ರಮ ಪಟ್ಟು ಬಿಡಿಸಿದ ಕಕ್ಷೆಗಳು ಕೆಲವೇ ಇದ್ದವು.

ಸೂರ್ಯನಿಂದ ಭೂಮಿಗಿರುವ 15 ಕೋಟಿ ಕಿ.ಮೀ.ಯನ್ನು ಒಂದು ಖಗೋಳಮಾನ ಎನ್ನುತ್ತಾರೆ. ಕೊನೆಯ ಗ್ರಹ ನೆಪ್ಚೂನ್ ಇರುವುದು 30 ಖಗೋಳಮಾನದಲ್ಲಿ. ಊರ್ಟ್ ತಮ್ಮ ಪಟ್ಟಿಯನ್ನು ದೂರದ ಪ್ರಕಾರ ಜೋಡಿಸಿದಾಗ ಅರ್ಧದಷ್ಟು ಧೂಮಕೇತುಗಳು 40,000 ಖಗೋಳಮಾನಕ್ಕಿಂತ ಆಚೆಯಿಂದ ಬಂದಿದ್ದವು. ಅಷ್ಟು ಆಚೆಗೆ ಚಾಚಿದರೂ ಅವು ಇನ್ನೂ ಸೂರ್ಯನ ಹಿಡಿತಕ್ಕೆ ಸಿಕ್ಕವೇ ಆಗಿದ್ದವು. ಬೇರೆ ನಕ್ಷತ್ರಗಳ ಕಡೆಯಿಂದ ಬಂದ ಅಲೆಮಾರಿಗಳಲ್ಲ.

ಇಲ್ಲೇ ಅವರ ಜಾಣ್ಮೆ. ಗ್ರಹಗಳ ನಡುವೆ ಒಮ್ಮೆ ಹಾದುಹೋದ ಧೂಮಕೇತುವಿಗೆ ಗುರು ಗ್ರಹ ಒಂದು ಏಟು ಕೊಟ್ಟೇ ಕಳಿಸುತ್ತದೆ. ಅಷ್ಟು ಸಡಿಲವಾಗಿ ಕಟ್ಟಿಕೊಂಡ ಕಾಯಕ್ಕೆ ಆ ಏಟು ಬಲು ದೊಡ್ಡದು. ಏಟು ಒಂದು ಬಗೆಯಲ್ಲಿ ಬಿದ್ದರೆ ಧೂಮಕೇತು ಸೌರವ್ಯೂಹ ಬಿಟ್ಟೇ ಹೋಗುತ್ತದೆ. ಇನ್ನೊಂದು ಬಗೆಯಲ್ಲಿ ಬಿದ್ದರೆ ಐವತ್ತು ಸಾವಿರ ಖಗೋಳಮಾನದಿಂದ ಬಂದದ್ದು ಮುಂದಿನ ಸಲ ಕೆಲವೇ ಸಾವಿರದವರೆಗೆ ಹೋಗಿ ವಾಪಸಾಗುತ್ತದೆ. ಬಂದ ಜಾಗಕ್ಕೇ ಸರಿಯಾಗಿ ಮರಳುವ ಸಂಭವ ತೀರಾ ಕಡಿಮೆ. ಜಾತ್ರೆಗೆ ಬಂದ ಹತ್ತಾರು ಜನರ ಕಾಲಲ್ಲಿ ಒಂದೇ ಊರಿನ ಕೆಮ್ಮಣ್ಣು ಕಂಡರೆ, ಇವರು ಇದೀಗ ಗಾಡಿ ಇಳಿದವರು, ಇನ್ನೂ ಜಾತ್ರೆ ತಿರುಗಿಲ್ಲ ಎಂದು ಹೇಳಬಹುದಲ್ಲ, ಹಾಗೆ. ಇಷ್ಟೊಂದು ಧೂಮಕೇತುಗಳು ಒಂದೇ ದೂರದ ಗುರುತು ಹೊತ್ತು ಬಂದಿದ್ದವೆಂದರೆ ಅವು ಮೊದಲ ಸಲ ಬಂದವು. ಸೈಡಿಂಗ್ ಸ್ಪ್ರಿಂಗ್‌ನ ಜಾತಕ ಬರೆದದ್ದೂ ಇದೇ ತರ್ಕದಿಂದ.

ಅವು ಬಂದ ದಿಕ್ಕುಗಳೂ ಒಂದು ಸಂಗತಿ ಹೇಳುತ್ತಿದ್ದವು. ಗ್ರಹಗಳೆಲ್ಲ ಹೆಚ್ಚುಕಡಿಮೆ ಒಂದೇ ತಟ್ಟೆಯ ಮೇಲೆ ಓಡಿದರೆ, ಈ ಧೂಮಕೇತುಗಳು ಮೇಲಿನಿಂದ, ಕೆಳಗಿನಿಂದ, ಗ್ರಹಗಳಿಗೆ ಎದುರಾಗಿ, ಹೇಗೆಂದರೆ ಹಾಗೆ ಬರುತ್ತವೆ. ಎಲ್ಲ ದಿಕ್ಕಿನಿಂದಲೂ ಸರಕು ಬರುವುದಾದರೆ ಕಣಜ ನಮ್ಮನ್ನು ಎಲ್ಲ ಕಡೆಯಿಂದಲೂ ಸುತ್ತುವರಿದಿರಬೇಕು, ಅಂದರೆ ಗುಂಡಗಿರಬೇಕು. ಇದೇ ಊರ್ಟ್ ಮೋಡ. ಮೋಡ ಎಂದು ಹೆಸರಷ್ಟೇ. ಒಂದು ಗುಡ್ಡಕ್ಕೂ ಇನ್ನೊಂದಕ್ಕೂ ಕೋಟಿಗಟ್ಟಲೆ ಕಿ.ಮೀ. ಬಯಲು. ಸೂರ್ಯನ ಬೆಳಕು ಅಲ್ಲಿಗೆ, 50,000 ಖಗೋಳಮಾನದಷ್ಟು ದೂರಕ್ಕೆ, ಮುಟ್ಟಲು ಒಂಬತ್ತೂವರೆ ತಿಂಗಳು ಬೇಕು.

ಅಲ್ಲಿ ಸುಮ್ಮನಿದ್ದದ್ದು ಇಲ್ಲಿಗೇಕೆ ಬೀಳುತ್ತದೆ? ಅಷ್ಟು ದೂರದಲ್ಲಿ ಸೂರ್ಯನ ಎಳೆತ ಬಹಳ ಕ್ಷೀಣ. ಸೂರ್ಯನನ್ನು ವೃತ್ತಾಕಾರದಲ್ಲಿ ಸುತ್ತಲು ಅಲ್ಲಿ ಗಂಟೆಗೆ ಸುಮಾರು 480 ಕಿ.ಮೀ. ವೇಗ ಸಾಕು, ನಮ್ಮ ಭೂಮಿಗೆ ಒಂದು ಲಕ್ಷ ಕಿ.ಮೀ.ಗೂ ಮೀರಿ ಬೇಕು. ಧೂಮಕೇತು ನೇರ ಸೂರ್ಯನ ಮೇಲೆ ಬೀಳದಂತೆ ಕಾಯುವುದು ಈ ಅಡ್ಡ ಓಟವೇ. ಅದು ಕುಗ್ಗುತ್ತ ಗಂಟೆಗೆ 3 ಕಿ.ಮೀ.ಗೆ ಇಳಿದರೆ, ಅಂದರೆ ಊಟವಾದ ಮೇಲೆ ನಾವು ಅಡ್ಡಾಡುವ ವೇಗಕ್ಕೆ ಬಂದರೆ, ಆ ಗುಡ್ಡ ಇಪ್ಪತ್ತು ಲಕ್ಷ ವರ್ಷ ಬೀಳುತ್ತ ಬಂದು ಭೂಮಿಯ ಕಕ್ಷೆಯನ್ನು ಮುಟ್ಟುತ್ತದೆ. ಓಟ ಗಂಟೆಗೆ 10 ಕಿ.ಮೀ. ಇದ್ದರೆ ಶನಿಯ ಆಚೆಗೇ ತಿರುಗಿ ಹೋಗುತ್ತದೆ, ನಮ್ಮ ಕಣ್ಣಿಗೆ ಬೀಳುವುದೇ ಅಪರೂಪ. ನಡಿಗೆಗೂ ಓಟಕ್ಕೂ ಇರುವಷ್ಟೇ ವ್ಯತ್ಯಾಸ ಅದು. ಅಷ್ಟನ್ನು ಕದಲಿಸಲು ಹತ್ತಿರ ಹಾದುಹೋಗುವ ಯಾವುದೋ ನಕ್ಷತ್ರ ಸಾಕು ಎಂದರು ಊರ್ಟ್. ನಕ್ಷತ್ರಗಳಿಗಿಂತ ನಮ್ಮ ಇಡೀ ಆಕಾಶಗಂಗೆಯ ಎಳೆತವೇ ಈ ಕೆಲಸವನ್ನು ಹೆಚ್ಚು ಎಡೆಬಿಡದೆ ಮಾಡುತ್ತಿದೆ ಎಂಬುದು 1980ರ ದಶಕದಲ್ಲಿ ತಿಳಿಯಿತು.

ಆದರೆ ಒಂದು ಗುಂಪಿನ ಧೂಮಕೇತುಗಳು ಈ ಕಣಜದ ಲೆಕ್ಕಕ್ಕೆ ಸಿಗಲಿಲ್ಲ. 67ಪಿಯಂತೆ ಇಪ್ಪತ್ತು ವರ್ಷದೊಳಗೆ ಸುತ್ತು ಮುಗಿಸುವ ಈ ಗಿಡ್ಡ ಕಕ್ಷೆಯವು ಹೆಚ್ಚಾಗಿ ಗ್ರಹಗಳ ತಟ್ಟೆಗೆ ಅಂಟಿಕೊಂಡು, ಗ್ರಹಗಳು ಓಡುವ ದಿಕ್ಕಿನಲ್ಲೇ ಓಡುತ್ತವೆ. ಗುಂಡಗಿನ ಕಣಜದಿಂದ ಬಂದವನ್ನೇ ಗುರು ಸೆರೆಹಿಡಿದು ಹೀಗೆ ಪಳಗಿಸಿದೆ ಎಂದು ಬಹಳ ಕಾಲ ನಂಬಿದ್ದರು. 1988ರಲ್ಲಿ ಮಾರ್ಟಿನ್ ಡಂಕನ್, ಥಾಮಸ್ ಕ್ವಿನ್, ಸ್ಕಾಟ್ ಟ್ರೆಮೇನ್ ಅದನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದರು. ಎಲ್ಲ ದಿಕ್ಕಿನಿಂದ ಬಂದವು ಸುತ್ತು ಕಿರಿದಾದ ಮೇಲೂ ಚೆಲ್ಲಾಪಿಲ್ಲಿಯಾಗಿಯೇ ಉಳಿದವು. ಚಪ್ಪಟೆ ಸಾಲಿನಲ್ಲಿ ಬರುವ ಸರಕಿಗೆ ಚಪ್ಪಟೆಯಾದ ಮೂಲವೇ ಬೇಕು. ಕಣಜ ಸಾಲದು, ನೆಪ್ಚೂನಿನಾಚೆ ಕಾಳು ಹರಡಿದ ಒಂದು ಚಪ್ಪಟೆ ಕಣವೂ ಇರಬೇಕು.

ಅದನ್ನು ಹುಡುಕಲು ಡೇವಿಡ್ ಜೂಯಿಟ್ ಮತ್ತು ಜೇನ್ ಲೂ ಹವಾಯಿಯ ಮೌನಾ ಕೇಯಾ ಶಿಖರದ ದೂರದರ್ಶಕದ ಮುಂದೆ ವರ್ಷಗಟ್ಟಲೆ ಕೂತರು. ಒಂದೇ ಜಾಗದ ಚಿತ್ರವನ್ನು ಮತ್ತೆ ಮತ್ತೆ ತೆಗೆದು, ಯಾವ ಚುಕ್ಕಿ ಮೆಲ್ಲಗೆ ಸರಿಯುತ್ತದೆ ಎಂದು ಹೋಲಿಸಿ ನೋಡುವ ಕೆಲಸ. 1992ರ ಆಗಸ್ಟ್ 30ರಂದು ಒಂದು ಸರಿಯಿತು. ಪ್ಲೂಟೊ ಮತ್ತು ಅದರ ಉಪಗ್ರಹವನ್ನು ಬಿಟ್ಟರೆ ನೆಪ್ಚೂನಿನಾಚೆ ಸಿಕ್ಕ ಮೊದಲ ಕಾಯ ಅದು. ಇರುವುದು ಸುಮಾರು 44 ಖಗೋಳಮಾನದಲ್ಲಿ. ಇವತ್ತು ಅಂಥವು ಸಾವಿರಾರು ಗೊತ್ತಿವೆ. ಈ ಕಣಕ್ಕೆ ‘ಕೈಪರ್ ಪಟ್ಟಿ’ ಎಂದು ಖಗೋಳವಿಜ್ಞಾನಿ ಜೆರಾರ್ಡ್ ಕೈಪರ್ ಹೆಸರು ಅಂಟಿದ್ದು ಮಾತ್ರ ತಮಾಷೆ. 1951ರಲ್ಲಿ ಅವರು ಹೇಳಿದ್ದು, ಅಲ್ಲಿದ್ದುದನ್ನು ಪ್ಲೂಟೊ ಎಂದೋ ಗುಡಿಸಿ ಹಾಕಿರಬೇಕು ಎಂದು. ಪ್ಲೂಟೊ ಭೂಮಿಯಷ್ಟು ಭಾರವಿದೆ ಎಂದು ಆಗ ತಿಳಿದಿದ್ದರು.

ಕಣದ ಅಂಚಿನಿಂದ ಇಲ್ಲಿಗೆ ಇಳಿಯುವುದು ಮೆಟ್ಟಿಲು ಮೆಟ್ಟಿಲಾಗಿ. ಪಟ್ಟಿಯ ನಡುವಿನವು ನೆಮ್ಮದಿಯಾಗಿ ಸುತ್ತುತ್ತಿವೆ. ನೆಪ್ಚೂನಿನ ಹತ್ತಿರ ಸುಳಿದು ಹೋಗುವ, ಚೆದುರಿದ ಕಕ್ಷೆಯವು ಮಾತ್ರ ಆಗಾಗ ಒಳಕ್ಕೆ ಜಾರುತ್ತವೆ. ನೆಪ್ಚೂನ್ ಯುರೇನಸ್‌ಗೆ ದಾಟಿಸುತ್ತದೆ, ಅದು ಶನಿಗೆ, ಶನಿ ಗುರುವಿಗೆ. 67ಪಿಯ ಕೊನೆಯ ಮೆಟ್ಟಿಲು ನಮಗೆ ಖಚಿತವಾಗಿ ಗೊತ್ತಿದೆ. 1959ರ ಫೆಬ್ರುವರಿಯವರೆಗೆ ಅದು ಸೂರ್ಯನಿಗೆ 2.7 ಖಗೋಳಮಾನಕ್ಕಿಂತ ಹತ್ತಿರ ಬರುತ್ತಿರಲಿಲ್ಲ. ಆ ತಿಂಗಳು ಗುರುವಿನ ಪಕ್ಕ ಹಾದಾಗ ಬಿದ್ದ ಏಟಿಗೆ 1.3ಕ್ಕೆ ಇಳಿಯಿತು. ಬಿಸಿಲು ತಾಕಿ ಹೊಳೆಯತೊಡಗಿತು, ಹತ್ತೇ ವರ್ಷದಲ್ಲಿ, 1969ರಲ್ಲಿ, ಮನುಷ್ಯರ ಕಣ್ಣಿಗೆ ಬಿತ್ತು.

ಕಣಕ್ಕೂ ಕಣಜಕ್ಕೂ ನಂಟಿದೆ. ಊರ್ಟ್ ಮೋಡದ ಗುಡ್ಡಗಳು ಅಲ್ಲೇ ಹುಟ್ಟಿದವಲ್ಲ. ಅಷ್ಟು ದೂರದಲ್ಲಿ ಒಟ್ಟುಗೂಡಲು ಸಾಮಗ್ರಿಯೇ ಇರಲಿಲ್ಲ. ಅವು ಹುಟ್ಟಿದ್ದು ಈಗಿನ ದೊಡ್ಡ ಗ್ರಹಗಳ ಆಸುಪಾಸಿನಲ್ಲಿ. ಗ್ರಹಗಳು ಬೆಳೆದಂತೆ ಅವನ್ನು ಮೊರದಲ್ಲಿ ತೂರಿದಂತೆ ತೂರಿಬಿಟ್ಟವು. ಬಹುಪಾಲು ಸೌರವ್ಯೂಹದಿಂದಲೇ ಹಾರಿಹೋದವು. ಇನ್ನೇನು ಹೋಗಬೇಕು ಎನ್ನುವ ಅಂಚಿನಲ್ಲಿ ನಿಂತವು ಕಣಜ ಸೇರಿದವು. ತೂರದೆ ಉಳಿದ ಕಾಳು ನೆಪ್ಚೂನಿನಾಚೆಯ ಕಣದಲ್ಲೇ ಹರಡಿದೆ.

ಕಣದ ಒಂದು ಕಾಳನ್ನು ನಾವು ಹತ್ತಿರದಿಂದ ನೋಡಿಯೂ ಆಗಿದೆ. 2019ರ ಜನವರಿ 1ರಂದು ನ್ಯೂ ಹೊರೈಜನ್ಸ್ ನೌಕೆ ಅರೊಕಾತ್ ಎಂಬ ಕಾಯದ ಬಳಿ ಹಾದು ಚಿತ್ರ ಕಳಿಸಿತು. ಎರಡು ಉಂಡೆಗಳನ್ನು ಮೆಲ್ಲಗೆ ಒತ್ತಿ ಅಂಟಿಸಿದಂತಿದೆ ಅದು, 67ಪಿಯ ಹಾಗೆಯೇ. ಕಣಜದ ಒಳಗಿರುವ ಒಂದನ್ನೂ ಇದುವರೆಗೆ ಯಾರೂ ಕಂಡಿಲ್ಲ. ಸೂರ್ಯನ ಬೆಳಕು ಅಲ್ಲಿಯತನಕ ಹೋಗುವಾಗಲೂ ಚೆದುರುತ್ತದೆ, ಪ್ರತಿಫಲಿಸಿ ಬರುವಾಗಲೂ ಚೆದುರುತ್ತದೆ. ಹಾಗಾಗಿ ಒಂದು ಕಾಯವನ್ನು ಸಾವಿರ ಪಟ್ಟು ದೂರಕ್ಕೆ ಒಯ್ದರೆ ಅದು ಲಕ್ಷ ಕೋಟಿ ಪಟ್ಟು ಮಂಕಾಗುತ್ತದೆ. ಊರ್ಟ್ ಮೋಡ ಇದೆ ಎನ್ನಲು ನಮಗಿರುವ ಸಾಕ್ಷಿ ಅಲ್ಲಿಂದ ಬಿದ್ದವು ಮಾತ್ರ.

ಹೋಗಿ ನೋಡೋಣ ಎಂದರೆ, 1977ರಲ್ಲಿ ಹೊರಟ ವಾಯೇಜರ್-1ಕ್ಕೆ ಆ ಮೋಡದ ಒಳ ಅಂಚು ಮುಟ್ಟಲು ಇನ್ನೂ ಸುಮಾರು 300 ವರ್ಷ ಬೇಕು. ಅದಕ್ಕೇ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಬೇರೆ ದಾರಿ ಹಿಡಿದಿದೆ. ಕಾಮೆಟ್ ಇಂಟರ್‌ಸೆಪ್ಟರ್ ಎಂಬ ನೌಕೆಯನ್ನು ಈ ದಶಕದ ಕೊನೆಗೆ ಹಾರಿಸಿ, ಭೂಮಿಯಿಂದ 15 ಲಕ್ಷ ಕಿ.ಮೀ. ಆಚೆ ಸುಮ್ಮನೆ ನಿಲ್ಲಿಸುವ ಯೋಜನೆ ಅದು. ಅದು ಯಾವ ಧೂಮಕೇತುವನ್ನು ನೋಡಬೇಕೆಂದು ಇನ್ನೂ ಗೊತ್ತಿಲ್ಲ, ಆ ಧೂಮಕೇತು ಬಹುಶಃ ಯಾರ ಕಣ್ಣಿಗೂ ಬಿದ್ದಿಲ್ಲ. ಯಾವುದೋ ಒಂದು ಹೊಸತು ಬರುವುದು ಖಚಿತವಾದ ಮೇಲೆ ನೌಕೆ ಹೊರಟು ಅದಕ್ಕೆ ಎದುರಾಗುತ್ತದೆ. ನಮ್ಮ ಮಂಗಳಯಾನ ಮರೆಗೆ ಸರಿದು ಉಳಿದುಕೊಂಡಿತಲ್ಲ, ಈ ನೌಕೆ ಅಂಥ ದೂಳಿನೊಳಕ್ಕೆ ಬೇಕೆಂದೇ ನುಗ್ಗಬೇಕಿದೆ. ಬಿಸಿಲು ಕಾಣದ ಮಂಜಿನ ಚೂರುಪಾರು ಸಿಗುವುದು ಅಲ್ಲೇ.